ಅದು ಅಲ್ಲ, ಅವರು



ಕಳೆದ ಶ್ರಾವಣದಲ್ಲಿ ನಮ್ಮ ಕಾಖಂಡಕಿಯಲ್ಲಿ ಒಂದು ತಿಂಗಳ ಪ್ರವಚನ ಮುಗಿದ ದಿನ ದಾಸೋಹವಿತ್ತು. ಗೋದಿ ಹುಗ್ಗಿ, ಬದನಿಕಾಯಿ ಪಲ್ಯ, ಅನ್ನ, ಸಾರು. ಪ್ರವಚನದ ಕೊನೆಯ ದಿನದ ವಿಷಯ ಶರಣರ ಸಮಾನತೆ. ಕೇಳಿ ಎದ್ದ ಜನವೇ ಪಂಕ್ತಿಯಲ್ಲಿ ಕುಳಿತಿತ್ತು. ಸಾಲಿನ ತುದಿಗೆ, ಕಂಬದ ಮಗ್ಗುಲಲ್ಲಿ, ಒಬ್ಬ ಜೋಗತಿಯವರು ಸೆರಗು ಹೊದ್ದು ಕುಳಿತಿದ್ದರು. ಹುಗ್ಗಿ ನೀಡುವ ಹುಡುಗ ಅವರ ಮುಂದೆ ಬಂದು ಬಕೆಟ್ ಹಿಡಿದು ಅನುಮಾನದಿಂದ ನಿಂತ. ಹಿಂದಿನಿಂದ ಅವನಿಗಿಂತ ಹಿರಿಯ ಸೇವಾಕರ್ತ ಕೂಗಿದ: "ಏ ತಮ್ಮಾ, ಅದಕ್ಕೂ ಒಂದ ಸೌಟ ಹಾಕು."

ಯಾರೂ ನಗಲಿಲ್ಲ. ಯಾರಿಗೂ ಸಿಟ್ಟೂ ಬರಲಿಲ್ಲ. ಕೂಗಿದವನ ದನಿಯಲ್ಲಿ ಕೆಟ್ಟತನವಿರಲಿಲ್ಲ, ಹಸಿದವರು ಹಾಗೇ ಎದ್ದು ಹೋಗಬಾರದೆಂಬ ಕಾಳಜಿಯೇ ಇತ್ತು. ಆ ತಾಯಿ ಎರಡು ತುತ್ತು ಉಂಡರು, ತಾಟು ಎತ್ತಿಕೊಂಡು ಹೋಗಿ ತೊಳೆದಿಟ್ಟರು, ಚೀಲ ಹೆಗಲಿಗೇರಿಸಿ ಬಸ್ ನಿಲ್ದಾಣದ ಕಡೆ ನಡೆದರು. ಬೈದಿದ್ದರೆ ಅವರು ತಿರುಗಿ ಬೈಯಬಹುದಿತ್ತು. "ಅದಕ್ಕೂ ಹಾಕು" ಎಂದು ಅನ್ನ ನೀಡಿದವನ ಮೇಲೆ ಯಾವ ಬಾಯಿಂದ ಜಗಳ ತೆಗೆಯುವುದು?

ಊಟ ಮುಗಿದ ಮೇಲೆ ಆ ಸೇವಾಕರ್ತನನ್ನು ಕರೆದು ಕೇಳಿದೆ: "ಮನಷ್ಯಾರಿಗೆ ಅದು ಅಂತಾರೇನೋ?" ಅವನು ತಲೆ ಕೆರೆದುಕೊಂಡ. "ಮತ್ತ ಏನ ಅನ್ನಬೇಕ್ರಿ ಸರ? ಅಂವಾ ಅನ್ನಾಕ ಬರೂದಿಲ್ಲ, ಅಕಿ ಅನ್ನಾಕ ಬರೂದಿಲ್ಲ." ಅವನ ಪ್ರಶ್ನೆ ಪ್ರಾಮಾಣಿಕವಾಗಿತ್ತು. ನಾನು ಮೂವತ್ತು ವರ್ಷ ಕನ್ನಡ ಕಲಿಸಿದವನು. ಅವನ ಬಾಯಲ್ಲಿ ಆ ಒಂದು ಪದ ಇಲ್ಲದಿರುವುದಕ್ಕೆ ನನ್ನಂಥವರೂ ಕಾರಣ. ಆದ್ದರಿಂದ ಈ ಬರಹ ಬರೀ ಊರಿನವರ ಮೇಲಿನ ತಕರಾರಲ್ಲ.

ಕನ್ನಡ ವ್ಯಾಕರಣದಲ್ಲಿ ನಾವು ಮಕ್ಕಳಿಗೆ ಮೂರು ಲಿಂಗ ಕಲಿಸುತ್ತೇವೆ. ಗಂಡಸರನ್ನು ಹೇಳುವುದು ಪುಲ್ಲಿಂಗ, ಹೆಂಗಸರನ್ನು ಹೇಳುವುದು ಸ್ತ್ರೀಲಿಂಗ, ಉಳಿದದ್ದು ನಪುಂಸಕಲಿಂಗ. ಆ ಉಳಿದದ್ದರಲ್ಲಿ ಕಲ್ಲು, ಮರ, ಎಮ್ಮೆ, ಮಳೆ, ಗಾಡಿ ಎಲ್ಲವೂ ಬರುತ್ತವೆ. ಅವನು ಬಂದನು, ಅವಳು ಬಂದಳು, ಅದು ಬಂದಿತು. ಹೀಗೆ ಕ್ರಿಯಾಪದದ ಬಾಲದವರೆಗೂ ಲಿಂಗ ಹರಿಯುವ ಭಾಷೆ ನಮ್ಮದು. ಒಬ್ಬರ ಬಗ್ಗೆ ಒಂದು ವಾಕ್ಯ ಆಡಬೇಕೆಂದರೂ ಅವರನ್ನು ಒಂದು ಕೋಣೆಗೆ ದೂಡಲೇಬೇಕು. ಗಂಡೆಂದು ಹುಟ್ಟಿಸಿಕೊಂಡು ಹೆಣ್ಣಾಗಿ ಬದುಕುವ ಜೀವ ಎದುರಾದಾಗ ನಮ್ಮ ನಾಲಿಗೆ ಮೊದಲಿನ ಎರಡು ಕೋಣೆಗಳ ಬಾಗಿಲು ಮುಚ್ಚಿ ಮೂರನೆಯದಕ್ಕೆ ತಳ್ಳುತ್ತದೆ. ಮೂರನೆಯ ಕೋಣೆಯಲ್ಲಿ ಮನುಷ್ಯರೇ ಇಲ್ಲ. "ಅದು" ಎಂಬ ಪದದ ಏಟು ಇರುವುದು ಇಲ್ಲಿ. ಅದು ಆ ವ್ಯಕ್ತಿಯನ್ನು ಕೆಟ್ಟವರು ಎನ್ನುವುದಿಲ್ಲ, ಕೀಳು ಎನ್ನುವುದಿಲ್ಲ. ವ್ಯಕ್ತಿಯೇ ಅಲ್ಲ ಎನ್ನುತ್ತದೆ. ಬೈಗುಳಕ್ಕಾದರೂ ಎದುರಿಗೆ ಒಬ್ಬ ಮನುಷ್ಯ ಬೇಕು.

"ಕೂಸಿಗೂ ಅದು ಅಂತೀವಲ್ಲ, ಸರ? ಕೂಸು ಅತ್ತತು, ಕೂಸು ಮಲಗೇತಿ ಅಂತೀವಲ್ಲ?" ಎಂದು ಒಬ್ಬರು ವಾದ ಹೂಡಿದರು. ನಿಜ, ಅನ್ನುತ್ತೇವೆ. ಆದರೆ ಕೂಸು ನಾಲ್ಕು ವರ್ಷಕ್ಕೆ ಆ ಪದದಿಂದ ಹೊರಬರುತ್ತದೆ, ಅಲ್ಲಿಂದ ಮುಂದೆ ಅಂವಾ ಆಗುತ್ತಾನೆ ಇಲ್ಲವೆ ಅಕಿ ಆಗುತ್ತಾಳೆ. ಐವತ್ತು ವರ್ಷದ ಒಬ್ಬ ದುಡಿಯುವ ಜೀವವನ್ನು ಕೂಸೆಂದು ಮುದ್ದು ಮಾಡಿ ಯಾರೂ ಅದು ಎನ್ನುತ್ತಿಲ್ಲ. ತೊಟ್ಟಿಲ ಮಾತನ್ನು ಪಂಕ್ತಿಯ ಮಾತಿಗೆ ಜಾಮೀನು ಕೊಡಬಾರದು.

ಈಗ ನನ್ನ ಪಾಲು ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ, ಎಂಟನೆಯ ತರಗತಿಗೆ ಇದೇ ಪಾಠ ಮಾಡುತ್ತಿದ್ದೆ. ತರಗತಿಯಲ್ಲಿ ಒಬ್ಬ ಹುಡುಗ ನಡಿಗೆಯಲ್ಲಿ, ಮಾತಿನಲ್ಲಿ ಹೆಣ್ಣುಮಕ್ಕಳ ಹಾಗೆ. ರಂಗೋಲಿ ಹಾಕುವುದರಲ್ಲಿ ಹುಡುಗಿಯರನ್ನೂ ಮೀರಿಸುತ್ತಿದ್ದ. ಅವನ ಹಾಜರಿ ಸಂಖ್ಯೆ ಒಂಬತ್ತಲ್ಲ, ಆದರೆ ನಾನು "ಒಂಬತ್ತು" ಎಂದು ಕೂಗಿದಾಗಲೆಲ್ಲ ತರಗತಿ ಅವನ ಕಡೆ ತಿರುಗಿ ನಗುತ್ತಿತ್ತು. ಆ ಅಂಕಿಗೆ ಬೀದಿಯಲ್ಲಿ ಇರುವ ಅರ್ಥ ಮಕ್ಕಳಿಗೂ ಗೊತ್ತು, ನನಗೂ ಗೊತ್ತಿತ್ತು. ಅಂದು ನಪುಂಸಕಲಿಂಗಕ್ಕೆ ಉದಾಹರಣೆ ಕೇಳಿದೆ. ಮರ ಸರ, ಮನಿ ಸರ, ಬಂಡಿ ಸರ. ಹಿಂದಿನ ಸಾಲಿನಿಂದ ಒಬ್ಬ ಆ ಹುಡುಗನ ಹೆಸರು ಹೇಳಿದ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ನಾನು ಬೆತ್ತ ಮೇಜಿಗೆ ಬಡಿದು "ಸುಮ್ಮಕಿರ್ರೋ" ಎಂದೆ. ಆದರೆ ನನ್ನ ತುಟಿಯ ಮೇಲೂ ನಗು ಇತ್ತು, ಆ ಹುಡುಗ ಅದನ್ನು ನೋಡಿದ. ದಸರೆ ರಜೆ ಮುಗಿದ ಮೇಲೆ ಅವನು ಶಾಲೆಗೆ ಬರಲಿಲ್ಲ. ಕೆಲವು ದಿನ ಗೈರು ಎಂದು ಬರೆದೆ, ಆಮೇಲೆ ನಿಯಮದ ಪ್ರಕಾರ ಹೆಸರು ತೆಗೆದೆ. ಆ ಮಗು ಈಗ ಎಲ್ಲಿದ್ದಾನೋ ಎಂದು ಬರೆಯಲು ಹೋಗಿ ಪೆನ್ನು ನಿಂತಿತು. ಇದ್ದಾನೋ, ಇದ್ದಾಳೋ, ಗೊತ್ತಿಲ್ಲ. ಎಲ್ಲಿದ್ದಾರೋ.

ನೋಡಿ, ಪದ ಸಿಕ್ಕಿತು. "ಅವರು". ಕನ್ನಡದಲ್ಲಿ ಬಹುವಚನವೇ ಗೌರವವಚನ. ಅದರಲ್ಲಿ ಗಂಡು ಹೆಣ್ಣಿನ ಗುರುತಿಲ್ಲ. ಅವರು ಬಂದರು ಎಂದರೆ ಬಂದದ್ದು ಅಜ್ಜನೂ ಆಗಬಹುದು, ಅಜ್ಜಿಯೂ ಆಗಬಹುದು, ಜೋಗತಿಯವರೂ ಆಗಬಹುದು. ಬೇರೆ ದೇಶದವರು ಇಂಥ ಪದ ಹೊಸದಾಗಿ ಕಟ್ಟಿಕೊಳ್ಳಲು ಹೆಣಗುತ್ತಿದ್ದಾರೆ, ನಮ್ಮ ಮನೆಯಲ್ಲಿ ಅದು ಸಾವಿರ ವರ್ಷದಿಂದ ಇದೆ. ಸಾಹೇಬರಿಗೆ, ಸ್ವಾಮಿಗಳಿಗೆ, ಸಾಲ ಕೊಡುವವರಿಗೆ ದಿನವೂ ಬಳಸುತ್ತೇವೆ. ಆ ಸೇವಾಕರ್ತನಿಗೂ ನಾನು ಇಷ್ಟೇ ಹೇಳಿದೆ: "ಅವ್ರಿಗೂ ನೀಡು ಅನ್ನಾಕ ಬರ್ತೈತೆಲ್ಲ." ಅವನು ನಕ್ಕು, "ಹೌದಲ್ರಿ, ಹೊಳೀಲೇ ಇಲ್ಲ" ಎಂದ. ಪದ ಗೊತ್ತಿರಲಿಲ್ಲವೆಂದಲ್ಲ. ಆ ಪದ ಅವರಿಗೂ ಸಲ್ಲುತ್ತದೆಂದು ಹೊಳೆದಿರಲಿಲ್ಲ.

ಇನ್ನು ಬೈಗುಳಗಳ ಮಾತು. ನಮ್ಮ ವಿಜಯಪುರ ಭಾಗದಲ್ಲಿ ಹೆಚ್ಚು ಕೇಳುವುದು ಚಕ್ಕಾ, ಕೋಜಾ, ಹೆಣ್ಣಿಗ, ಆ ಹಾಳು ಅಂಕಿ ಒಂಬತ್ತು. ಓದಿದವರ ಬಾಯಲ್ಲಿ ಶಿಖಂಡಿ, ಷಂಡ, ನಪುಂಸಕ. ಇವನ್ನು ಅಚ್ಚು ಹಾಕಲು ಸಂಪಾದಕರಿಗೆ ಸಂಕೋಚವಾಗಬಹುದು, ಆದರೆ ದಿನವೂ ಆಡುವುದನ್ನು ಒಮ್ಮೆ ಕಣ್ಣಿನಿಂದ ನೋಡುವುದು ಒಳ್ಳೆಯದು. ಎಲ್ಲದರ ಹುಟ್ಟು ಹುಡುಕುತ್ತ ಕೂಡುವುದಿಲ್ಲ. ಒಂದನ್ನು ಮಾತ್ರ ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ನಮಗೊಂದು ಪಾಠವಿದೆ.

ಕೋಜಾ ಎಂಬುದು ಪಾರಸಿಯ ಖ್ವಾಜಾ. ಅದರ ಅರ್ಥ ಒಡೆಯ, ಹಿರಿಯ, ಗುರು. ಕಲಬುರಗಿಯ ಸೂಫಿ ಸಂತರನ್ನು ಖ್ವಾಜಾ ಬಂದೇ ನವಾಜ್ ಎಂದು ಲಕ್ಷಾಂತರ ಜನ ಕೈಮುಗಿದು ಕರೆಯುತ್ತಾರೆ. ಪಾರಸಿ ನಡೆಯುತ್ತಿದ್ದ ಆಸ್ಥಾನಗಳಲ್ಲಿ ಅಂತಃಪುರದ ಉಸ್ತುವಾರಿ, ಬೊಕ್ಕಸ, ಕೆಲವೊಮ್ಮೆ ಸೇನೆಯನ್ನೂ ನೋಡಿಕೊಂಡ ಅಧಿಕಾರಿಗಳಲ್ಲಿ ಬೀಜ ತೆಗೆಸಿಕೊಂಡವರಿದ್ದರು. ಅವರಿಗೆ ಖ್ವಾಜಾಸರಾ ಎಂಬ ಬಿರುದು. ಅಂದರೆ ಅರಮನೆಯ ಯಜಮಾನರು. ಅರಮನೆ ಹೋಯಿತು, ಅಧಿಕಾರ ಹೋಯಿತು, ಬಿರುದಿನ ತುಂಡು ಬೀದಿಗೆ ಬಿದ್ದು ಬೈಗುಳವಾಯಿತು. ಅದೇ ಪದ ಪಾಕಿಸ್ತಾನದಲ್ಲಿ ಇಂದಿಗೂ ಆ ಸಮುದಾಯದ ಮರ್ಯಾದೆಯ ಹೆಸರು. ಇಲ್ಲಿ ಗೋಲಗುಮ್ಮಟದ ನೆರಳಿನಲ್ಲಿ ನಿಂತು ನಮ್ಮ ಹುಡುಗರು ಅದನ್ನು ಉಗುಳುತ್ತಾರೆ.

ಇದರಿಂದ ತಿಳಿಯುವುದೇನೆಂದರೆ ಪದದಲ್ಲಿ ವಿಷ ಹುಟ್ಟಿನಿಂದ ಇರುವುದಿಲ್ಲ, ಆಡುವವರು ತುಂಬುತ್ತಾರೆ. ಹಾಗಾದರೆ ಹೊಸ ಪದ ತಂದರೂ ಅದಕ್ಕೂ ವಿಷ ತುಂಬುತ್ತೇವಲ್ಲ, ಬದಲಾಯಿಸಿ ಏನು ಫಲ ಎಂದು ಕೇಳಬಹುದು. ಈ ಅಪಾಯ ನಿಜ. ಪತ್ರಿಕೆಗಳು ಮರ್ಯಾದೆಗೆಂದು ತಂದ "ಮಂಗಳಮುಖಿ" ಎಂಬ ಪದವನ್ನು ಈಗಾಗಲೇ ಕೆಲವರು ಕಣ್ಣು ಹೊಡೆದು ಆಡುತ್ತಿದ್ದಾರೆ. ಆದರೆ ನಮ್ಮ ಶರಣರು ಇದೇ ದಾರಿಯಲ್ಲಿ ಎದುರು ದಿಕ್ಕಿಗೆ ನಡೆದು ತೋರಿಸಿದ್ದಾರೆ. ಮಾದಾರ, ಡೋಹರ, ಅಂಬಿಗ ಎಂಬ ಪದಗಳನ್ನು ಊರು ಬೈಗುಳವಾಗಿ ಆಡುತ್ತಿದ್ದಾಗ ಅವರು ಅವನ್ನು ಮುಚ್ಚಿಡಲಿಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ ಎಂದು ಅಯ್ಯ ಸೇರಿಸಿ ಕರೆದರು. ಸೂಳೆ ಸಂಕವ್ವೆ ಎಂದು, ಇವತ್ತು ಬಾಯಿ ಬಿಟ್ಟು ಹೇಳಲು ನಾವು ಹಿಂಜರಿಯುವ ಹೆಸರಿಗೂ ಅವ್ವೆ ಸೇರಿಸಿದರು. ಅಯ್ಯ, ಅವ್ವೆ ಎಂದ ಮೇಲೆ ಅವರ ಜೊತೆ ಕುಳಿತು ಉಂಡರು, ಅವರ ಮಾತನ್ನು ವಚನವೆಂದು ಬರೆದಿಟ್ಟರು. ಪದ ತೊಳೆದುಹೋದದ್ದು ಆ ಪಂಕ್ತಿಯಿಂದ. ಹೆಸರು ಬದಲಾಯಿಸಿ ಪಂಕ್ತಿಯಲ್ಲಿ ಕಂಬದ ಮಗ್ಗುಲಿಗೆ ಕೂಡಿಸಿದರೆ ಹೊಸ ಹೆಸರೂ ಹತ್ತು ವರ್ಷಕ್ಕೆ ಹೊಲಸಾಗುತ್ತದೆ.

ಯಾರನ್ನೂ ನೇರವಾಗಿ ಬೈಯದ, ಆದರೂ ಬಡಿಯುವ ಮಾತುಗಳ ರಾಶಿ ಇನ್ನೂ ದೊಡ್ಡದು. ಕಾರಹುಣ್ಣಿಮೆಯ ಕರಿಗೆ ನಮ್ಮೂರು ಹೆಸರುವಾಸಿ. ಸಿಂಗರಿಸಿದ ಹೋರಿಗಳು ಓಡುವಾಗ ಹಿಂದೆ ಸರಿದ ಹುಡುಗನಿಗೆ ಕಟ್ಟೆಯ ಮೇಲಿನಿಂದ ಏನು ಕೂಗುತ್ತಾರೆಂದು ನಿಮಗೆಲ್ಲ ಗೊತ್ತು. ಬಳಿ ತೊಟ್ಕೋ, ಸೀರಿ ಉಟ್ಕೋ. ಕೊಂಬು ತಿವಿದರೆ ಕರುಳು ಹೊರಬರುತ್ತದೆಂದು ತಿಳಿದು ಹಿಂದೆ ಸರಿದವನು ಬುದ್ಧಿವಂತ. ಅವನನ್ನು ನಾಚಿಸಲು ನಮಗೆ ಸಿಗುವ ಆಯುಧ ಹೆಂಗಸಿನ ಬಳೆ. ಹೀಗೆ ಕೂಗುವವರ ತಾಯಂದಿರೇ ಬಳೆ ತೊಟ್ಟ ಕೈಯಿಂದ ಅವರಿಗೆ ರೊಟ್ಟಿ ಬಡಿದು ಹಾಕಿ ಕಳಿಸಿರುತ್ತಾರೆ.

ಕಟ್ಟೆಯ ಹುಡುಗರನ್ನು ಬಿಡಿ, ನಮ್ಮ ವೇದಿಕೆಗಳನ್ನು ನೋಡಿ. ಸ್ವತಂತ್ರ ಧರ್ಮದ ಮಾನ್ಯತೆಗಾಗಿ ಸಭೆ ಮಾಡಿದಾಗ, ನೀರಾವರಿಗಾಗಿ ಧರಣಿ ಕುಳಿತಾಗ, ನಮ್ಮ ಮುಖಂಡರ ಬಾಯಿಂದ ಬರುವ ಮೊದಲ ಗುಡುಗು "ನಾವೇನು ಬಳೆ ತೊಟ್ಟುಕೊಂಡು ಕೂತಿಲ್ಲ." ಎರಡನೆಯದು "ಷಂಡ ಸರ್ಕಾರ." ಅಕ್ಕಮಹಾದೇವಿಯ ಭಾವಚಿತ್ರ ಹಿಂದೆ ತೂಗುಹಾಕಿಕೊಂಡು ಮೈಕಿನ ಮುಂದೆ ಈ ಮಾತು! ಕೆಲಸ ಮಾಡದ ಅಧಿಕಾರಿಗೆ ಬಳೆ, ಅರಿಶಿಣ ಕುಂಕುಮ ಕಳಿಸುವ ಪ್ರತಿಭಟನೆಯನ್ನು ಪತ್ರಿಕೆಗಳು ಚಿತ್ರಸಮೇತ ಹಾಕುತ್ತವೆ. ಆ ಅಧಿಕಾರಿ ಸೋಮಾರಿಯಾದರೆ ಸೋಮಾರಿ ಎನ್ನಿ, ಲಂಚ ತಿಂದರೆ ಲಂಚಕೋರ ಎನ್ನಿ, ಹೆದರಿದರೆ ಪುಕ್ಕಲ ಎನ್ನಿ. ಕನ್ನಡದಲ್ಲಿ ಬೈಯಲು ಪದಗಳ ಬರವಿಲ್ಲ. ಅವನು ಮಾಡಿದ ತಪ್ಪಿಗೆ ಏನೂ ಮಾಡದ ಒಂದು ಸಮುದಾಯದ ಮೈಯನ್ನು ಯಾಕೆ ಉಪಮೆಗೆ ಎಳೆಯಬೇಕು? ಸಭೆಯ ಹಿಂದಿನ ಸಾಲಿನಲ್ಲಿ, ಹೆಣ್ಣಿನ ಮನಸ್ಸು ಒಳಗಿಟ್ಟುಕೊಂಡು ಗಂಡಿನ ಅಂಗಿ ತೊಟ್ಟು ಕುಳಿತ ಹದಿನಾಲ್ಕರ ಒಂದು ಮಗು ಇದನ್ನು ಕೇಳುತ್ತಿರುತ್ತದೆ. ತನ್ನಂಥವರ ಹೆಸರು ತನ್ನ ಮಠದ ವೇದಿಕೆಯ ಮೇಲೆ ಅತಿ ದೊಡ್ಡ ಬೈಗುಳವೆಂದು ಅದಕ್ಕೆ ಆ ದಿನ ಗೊತ್ತಾಗುತ್ತದೆ. (ಇಲ್ಲಿ "ಮಗು... ಕೇಳುತ್ತಿರುತ್ತದೆ" ಎಂದು ನಾನೇ ಬರೆದೆ. ಹದಿನಾಲ್ಕು ವರ್ಷದವರಿಗೆ ಅದು ಸಲ್ಲದು. ತಿದ್ದಿ ಓದಿಕೊಳ್ಳಿ. ನಾಲಿಗೆಯ ಚಾಳಿ ಎಂಥದೆಂದು ತೋರಲಿ ಎಂದೇ ಹಾಗೇ ಬಿಟ್ಟಿದ್ದೇನೆ.)

ಮಾತಿನಿಂದ ಏನಾಗುತ್ತದೆ, ಮಾತು ಗಾಳಿ ಎನ್ನುವವರಿಗೆ ಮಾತು ಹೇಗೆ ಲಾಠಿಯಾಗುತ್ತದೆಂದು ಹೇಳಬೇಕು. 1871ರಲ್ಲಿ ಬ್ರಿಟಿಷರು ಕೆಲವು ಬುಡಕಟ್ಟುಗಳನ್ನು ಹುಟ್ಟುಗಳ್ಳರೆಂದು ಸಾರುವ ಕಾಯ್ದೆ ತಂದರು. ಅದರ ಎರಡನೆಯ ಭಾಗ ಈ ಸಮುದಾಯದ ಮೇಲೆ. ಅವರನ್ನು ಯೂನಕ್ ಎಂಬ ಪದದಿಂದ ಕರೆದು, ಮಕ್ಕಳನ್ನು ಅಪಹರಿಸುವವರೆಂಬ ಅನುಮಾನದ ಮೇಲೆ ಹೆಸರು ವಿಳಾಸದ ಪಟ್ಟಿ ಮಾಡಬೇಕು, ಪಟ್ಟಿಯಲ್ಲಿದ್ದವರು ಹೆಣ್ಣುಡುಗೆ ತೊಟ್ಟು ಬೀದಿಗೆ ಬಂದರೆ ಹಿಡಿಯಬಹುದು ಎಂದು ಬರೆದರು. ಸ್ವಾತಂತ್ರ್ಯ ಬಂದ ಮೇಲೆ ಆ ಕಾಯ್ದೆ ಹೋಯಿತು. ಪದ ಹೋಗಲಿಲ್ಲ. 2011ರಲ್ಲಿ, ಅಂದರೆ ಮೊನ್ನೆ ಮೊನ್ನೆ, ನಮ್ಮದೇ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿತು. ಅದೇ ಯೂನಕ್ ಎಂಬ ಪದ, ಅದೇ ಅಪಹರಣದ ಅನುಮಾನ, ಅದೇ ಹೆಸರು ವಿಳಾಸದ ಪಟ್ಟಿ. ಸಮುದಾಯದವರು ಹೈಕೋರ್ಟಿನ ಮೆಟ್ಟಿಲೇರಿ ಹೋರಾಡಬೇಕಾಯಿತು. ಕೆಲವು ವರ್ಷಗಳ ಮೇಲೆ ಸರ್ಕಾರ ಆ ಪದವನ್ನು ತೆಗೆಯಿತು.

ಮಕ್ಕಳ ಕಳ್ಳರು ಎಂಬ ಆ ಹಳೆಯ ಮಾತು ಕಾಗದದಲ್ಲೇ ಉಳಿಯಲಿಲ್ಲ. 2018ರ ಮೇ ತಿಂಗಳಲ್ಲಿ ಮೊಬೈಲಿನಲ್ಲಿ ಮಕ್ಕಳ ಕಳ್ಳರ ಸುಳ್ಳು ಸುದ್ದಿ ಹರಿದಾಡಿದಾಗ ಹೈದರಾಬಾದಿನಲ್ಲಿ ಟ್ರಾನ್ಸ್ ಮಹಿಳೆಯರ ಮೇಲೆ ಗುಂಪು ಬಿದ್ದಿತು. ಒಬ್ಬರು ಅಲ್ಲೇ ಸತ್ತರು. ಅವರನ್ನು ಕೊಂದವರು ಯಾವ ಕಾಯ್ದೆಯನ್ನೂ ಓದಿದವರಲ್ಲ. ಮನೆಯಲ್ಲಿ ಅಳುವ ಕೂಸಿಗೆ "ಸುಮ್ಮಕಾಗು, ಜೋಗಪ್ಪಗ ಹಿಡಕೊಡ್ತೇನಿ" ಎಂದು ಹೆದರಿಸುವುದನ್ನು ಕೇಳಿ ಬೆಳೆದವರು. ಇದನ್ನು ನಮ್ಮ ಮನೆಗಳಲ್ಲೂ ಆಡುತ್ತೇವೆ. ಇಂದು ರಾತ್ರಿಯಿಂದಲೇ ನಿಲ್ಲಿಸಬಹುದಾದ ಮಾತು ಇದೊಂದು.

ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು, ತಾವು ಗಂಡೋ ಹೆಣ್ಣೋ ಅಥವಾ ಎರಡೂ ಅಲ್ಲವೋ ಎಂಬುದನ್ನು ಹೇಳುವ ಹಕ್ಕು ಆ ವ್ಯಕ್ತಿಯದೇ ಎಂದು ತೀರ್ಪು ಕೊಟ್ಟಿತು. 2019ರ ಕಾಯ್ದೆಯ 18ನೆಯ ಕಲಮು ಮಾತಿನ ನಿಂದನೆಯನ್ನೂ ಅಪರಾಧದ ಸಾಲಿಗೆ ಸೇರಿಸಿ ಆರು ತಿಂಗಳಿಂದ ಎರಡು ವರ್ಷದವರೆಗೆ ಶಿಕ್ಷೆ ಇಟ್ಟಿತು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಜೈಲಿನ ಭಯದಿಂದ ನಾಲಿಗೆ ಕಟ್ಟಿಕೊಂಡವನು ಮನಸ್ಸಿನಲ್ಲಿ ಅದೇ ಪದ ಆಡುತ್ತಿರುತ್ತಾನೆ. ದೇಹದ ಗುರುತು ನೋಡಿ ಹೆಣ್ಣು ಗಂಡೆಂದು ಹೆಸರಿಡುವವರಿಗೆ ಜೇಡರ ದಾಸಿಮಯ್ಯನವರು ಹಾಕಿದ ಸವಾಲು ನಮಗೆ ಬಾಯಿಪಾಠವಿದೆ. ಕೋರ್ಟಿಗಿಂತ ಸುಮಾರು ಸಾವಿರ ವರ್ಷ ಮೊದಲಿನ ಮಾತದು. ಸ್ಪರ್ಧೆಯಲ್ಲಿ ಅದನ್ನು ತಪ್ಪಿಲ್ಲದೆ ಒಪ್ಪಿಸಿದ ಮಕ್ಕಳಿಗೆ ಪ್ರಮಾಣಪತ್ರ ಕೊಡುತ್ತೇವೆ, ಅದೇ ಮಕ್ಕಳು ಹೊರಗೆ ಹೋಗಿ ಚಕ್ಕಾ ಎಂದು ಕೂಗುತ್ತಾರೆ.

ನಮ್ಮ ಬಳಗದಲ್ಲೇ ಇರುವ ಒಂದು ಗಟ್ಟಿ ಆಕ್ಷೇಪಕ್ಕೆ ಉತ್ತರ ಹೇಳದೆ ಮುಂದೆ ಹೋಗಲಾರೆ. "ನಾವು ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟುವ ಪದ್ಧತಿಯ ವಿರುದ್ಧ ಹೋರಾಡುತ್ತ ಬಂದವರು. ಮೂಢನಂಬಿಕೆಯ ವೇಷಕ್ಕೆ ಮರ್ಯಾದೆ ಯಾಕೆ?" ಎನ್ನುತ್ತಾರೆ. ಮುತ್ತು ಕಟ್ಟುವುದಕ್ಕೆ ನನ್ನ ವಿರೋಧವೂ ಇದೆ. ಸರ್ಕಾರ 1982ರಲ್ಲೇ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿತು, ಅದು ಸರಿ. ಆದರೆ ಒಂದು ಪ್ರಶ್ನೆ. ಗಂಡಾಗಿ ಹುಟ್ಟಿ ಹೆಣ್ಣೆಂದು ಅನ್ನಿಸಿದ ನಮ್ಮ ಭಾಗದ ಮಗ ಮನೆಯಿಂದ ಹೊರಬಿದ್ದಾಗ ಸವದತ್ತಿಯ ಗುಡ್ಡವನ್ನು, ಹುಲಿಗಿಯ ಗುಡಿಯನ್ನು ಬಿಟ್ಟರೆ ಅವರಿಗೆ ಬಾಗಿಲು ತೆರೆದವರು ಯಾರು? ನಮ್ಮ ಮಠದ ಉಚಿತ ಪ್ರಸಾದನಿಲಯದಲ್ಲಿ ಅಂಥ ಒಬ್ಬರಿಗೆ ಜಾಗ ಕೊಟ್ಟಿದ್ದೇವೆಯೆ? ಅಲ್ಲಿ ಅವರನ್ನು ಜೋಗವ್ವ ಎಂದು ಅವ್ವ ಸೇರಿಸಿ ಕರೆದರು, ಇಲ್ಲಿ ಅದು ಎಂದೆವು. ಅವರು ಎಲ್ಲಿಗೆ ಹೋಗಬೇಕಿತ್ತು? ಪದ್ಧತಿಯನ್ನು ಟೀಕಿಸಿ, ಆದರೆ ಅದರೊಳಗೆ ಆಸರೆ ಪಡೆದವರನ್ನು ಬೈಯುವುದು ಸುಧಾರಣೆಯಲ್ಲ. ಇದಕ್ಕೆ ಉಲ್ಟಾ ತಪ್ಪೂ ಇದೆ. ಮದುವೆ ಮನೆಯಲ್ಲಿ, ಅಂಗಡಿ ಪೂಜೆಯಲ್ಲಿ ಅವರ ಕಾಲಿಗೆ ಬಿದ್ದು, ಶಾಪ ತಟ್ಟೀತೆಂದು ಹೆದರಿ ಹತ್ತು ರೂಪಾಯಿ ಕೊಟ್ಟು "ಅವ್ರು ದೇವರಿದ್ದಂಗ" ಎನ್ನುವುದು. ದೇವರೆಂದವರಿಗೆ ಬಾಡಿಗೆ ಮನೆ ಕೊಡುವುದಿಲ್ಲ, ಕೂಲಿಗೂ ಕರೆಯುವುದಿಲ್ಲ. ಅವರು ಕೇಳಿದ್ದು ಕಾಯಕ, ನಾವು ಕೊಟ್ಟದ್ದು ಭಯದ ಕಾಣಿಕೆ.

ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರನ್ನು ನೆನೆಯಿರಿ. ಜೋಗತಿ ನೃತ್ಯದಿಂದ, ಹಾಡಿನಿಂದ ಮೇಲೆ ಬಂದವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆಯುವ ಮೊದಲು ಸೆರಗು ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದದ್ದನ್ನು ಇಡೀ ದೇಶ ಟಿ.ವಿ.ಯಲ್ಲಿ ನೋಡಿತು. ಅಂದು ನಮ್ಮೂರ ಚಹಾದಂಗಡಿಯಲ್ಲಿ ಟಿ.ವಿ. ನೋಡುತ್ತಿದ್ದವರೆಲ್ಲ "ಅವ್ರು ನಮ್ಮ ಕಡೇದವ್ರು" ಎಂದರು. ಅವರು ಎನ್ನಲು ಬಾಯಿಗೆ ಬರುತ್ತದೆ ಎಂದಾಯಿತಲ್ಲ! ಪದ್ಮಶ್ರೀ ಬಂದವರಿಗಷ್ಟೇ ಬಹುವಚನ ಎಂದು ಯಾವ ವ್ಯಾಕರಣದಲ್ಲಿ ಬರೆದಿದೆ?

ಹಾಗಾದರೆ ಏನೆಂದು ಕರೆಯಬೇಕು? ಬರವಣಿಗೆಯಲ್ಲಿ, ಭಾಷಣದಲ್ಲಿ, ಇಡೀ ಸಮುದಾಯವನ್ನು ಹೇಳುವಾಗ "ಲಿಂಗತ್ವ ಅಲ್ಪಸಂಖ್ಯಾತರು" ಎಂಬುದು ಈಗ ಸರ್ಕಾರಿ ಕಾಗದಗಳಲ್ಲೂ ಹೋರಾಟಗಾರರ ಬಾಯಲ್ಲೂ ನಿಂತ ಪದ. ಉದ್ದವಾಯಿತೆನಿಸಿದರೆ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಎನ್ನಿ, ಊರ ಜನಕ್ಕೂ ಆ ಪದ ಈಗ ಹೊಸದಲ್ಲ. ಗಂಡೆಂದು ಬರೆಸಿಕೊಂಡು ಹುಟ್ಟಿ ಹೆಣ್ಣಾಗಿ ಬದುಕುವವರು ಟ್ರಾನ್ಸ್ ಮಹಿಳೆ. ಹೆಣ್ಣೆಂದು ಬರೆಸಿಕೊಂಡು ಹುಟ್ಟಿ ಗಂಡಾಗಿ ಬದುಕುವವರು ಟ್ರಾನ್ಸ್ ಪುರುಷ. ಈ ಎರಡನೆಯವರೂ ಇದ್ದಾರೆಂಬುದನ್ನೇ ನಾವು ಮರೆತಿರುತ್ತೇವೆ, ನಮ್ಮ ಬಳಿ ಅವರಿಗಿರುವುದು ಗಂಡುಬೀರಿ ಎಂಬ ಒಂದೇ ಮೂದಲಿಕೆ. "ತೃತೀಯ ಲಿಂಗಿ" ಎಂಬ ಪದವನ್ನು ಕೆಲವರು ಒಪ್ಪುತ್ತಾರೆ, ಕೆಲವರು ಮೊದಲನೆಯದು ಯಾವುದು, ಎರಡನೆಯದು ಯಾವುದು, ಮೂರನೆಯ ನಂಬರು ನನಗ್ಯಾಕೆ ಎಂದು ಕೇಳುತ್ತಾರೆ. ಮಂಗಳಮುಖಿಯೂ ಹೀಗೇ, ಎಲ್ಲರ ಒಪ್ಪಿಗೆಯ ಪದವಲ್ಲ. ಹಿಜಡಾ ಎಂಬುದು ಗುರು ಶಿಷ್ಯ ಪರಂಪರೆಯುಳ್ಳ ಒಂದು ಸಮುದಾಯದ ಸ್ವಂತ ಹೆಸರು. ಅವರು ತಮ್ಮೊಳಗೆ ಹೆಮ್ಮೆಯಿಂದ ಆಡಬಹುದು, ನಾವು ಬೀದಿಯಲ್ಲಿ ಆಡಿದರೆ ಬೈಗುಳ. ಜೋಗತಿ, ಜೋಗಪ್ಪ ಎಂಬವು ಎಲ್ಲಮ್ಮನ ಪರಂಪರೆಗೆ ಸೇರಿದವರಿಗೆ ಮಾತ್ರ ಸಲ್ಲುವ ಹೆಸರುಗಳು. ಸೀರೆ ಉಟ್ಟವರನ್ನೆಲ್ಲ ಜೋಗಪ್ಪ ಎನ್ನುವುದು ತಪ್ಪು.

ಎದುರಿಗೆ ಒಬ್ಬರೇ ನಿಂತಾಗ ಇಷ್ಟೊಂದು ಪದಗಳ ಚಿಂತೆ ಬೇಕಿಲ್ಲ. ನಮ್ಮ ಕಡೆ ಗುರುತಿಲ್ಲದ ಹೆಣ್ಣುಮಗಳನ್ನು ಹೇಗೆ ಕರೆಯುತ್ತೀರಿ? ಯಕ್ಕಾ, ಯವ್ವಾ. ಸೀರೆಯುಟ್ಟು ಬಂದವರಿಗೂ ಅದೇ. ಗಂಡಾಗಿ ಬದುಕುವವರಿಗೆ ಅಣ್ಣಾ. ಗೊತ್ತಾಗದಿದ್ದರೆ "ರೀ" ಇದೆ. "ಬರ್ರಿ, ಕೂಡ್ರಿ, ಉಣ್ರಿ" ಎಂಬುದರಲ್ಲಿ ಯಾವ ಲಿಂಗವಿದೆ? ಹೆಸರು ಕೇಳಿ, ಅವರು ಹೇಳಿದ ಹೆಸರಿನಿಂದಲೇ ಕರೆಯಿರಿ. ನಿಮ್ಮ "ಖರೇ ಹೆಸರ" ಏನು ಎಂದು ಎರಡನೆಯ ಸಲ ಕೇಳಬೇಡಿ. ಹೇಳಿದ್ದೇ ಖರೇ ಹೆಸರು. ಜಂಗಮರು ಪಟ್ಟಕ್ಕೇರಿದ ಮೇಲೆ ಅವರ ಮನೆಯ ಹೆಸರು ಹಿಡಿದು ಕೂಗುವ ಧೈರ್ಯ ನಮಗಿಲ್ಲ, ಇಲ್ಲೂ ಅಷ್ಟೇ ಅಂಜಿಕೆ ಸಾಕು. ಆಪರೇಶನ್ ಆಗಿದೆಯೇ ಎಂದು ಕೇಳುವ ಚಟವಂತೂ ಬಹಳ ಕೆಟ್ಟದ್ದು. ನಿಮ್ಮ ಧೋತರದೊಳಗಿನ ಸುದ್ದಿಯನ್ನು ಬಸ್ಸಿನಲ್ಲಿ ಯಾರಾದರೂ ಕೇಳಿದರೆ ಸುಮ್ಮನಿರುತ್ತೀರಾ?

"ಅವರು" ಎಂಬುದಕ್ಕೂ ಒಂದು ಮಿತಿಯಿದೆ, ಅದನ್ನು ಮುಚ್ಚಿಡಬಾರದು. ಚಿಕ್ಕಂದಿನಿಂದ ಜೊತೆಗೆ ಆಡಿದವರಿಗೆ, ಒಡಹುಟ್ಟಿದವರಿಗೆ ಬಹುವಚನ ಹಚ್ಚಿದರೆ ಅದೂ ದೂರ ತಳ್ಳಿದಂತೆಯೇ. ಮನೆಯ ಮಗಳನ್ನು ಅಕಿ ಎನ್ನುವಾಗ, ಮಗಳಾಗಿ ತಿರುಗಿ ಬಂದವರನ್ನು ಮಾತ್ರ ಅವರು ಎಂದರೆ ಅದು ಗೌರವವಲ್ಲ, ಪರಕೀಯತೆ. ಅಲ್ಲಿ ಅವರಿಗೆ ಬೇಕಾದದ್ದು ಅಕಿ ಎಂಬ ಸಲುಗೆ. ಬೇಕೆಂಬುದನ್ನು ಅವರನ್ನೇ ಕೇಳಬೇಕು. ತಪ್ಪಿದರೆ "ತಪ್ಪಾತು" ಎಂದು ಸರಿಪಡಿಸಿ ಮಾತು ಮುಂದುವರಿಸಿ. ತಾಸುಗಟ್ಟಲೆ ಕ್ಷಮೆ ಕೇಳುತ್ತ ನಿಂತರೆ ಸಮಾಧಾನ ಹೇಳುವ ಹೊರೆಯೂ ಅವರ ಮೇಲೇ ಬೀಳುತ್ತದೆ.

ಈ ಪತ್ರಿಕೆಯ ಸಂಪಾದಕ ಮಂಡಳಿಗೆ ಒಂದು ಬೇಡಿಕೆ ಇದೆ. ನಮ್ಮ ಲೇಖನಗಳಲ್ಲಿ "ನಪುಂಸಕ ಸಮಾಜ", "ಷಂಡ ಆಡಳಿತ", "ಬಳೆ ತೊಟ್ಟ ನಾಯಕರು" ಎಂದು ಬಂದರೆ ಕೆಂಪು ಪೆನ್ನಿನಿಂದ ಹೊಡೆಯಿರಿ, ಬರೆದವರು ಎಷ್ಟೇ ದೊಡ್ಡವರಿರಲಿ. ಪೂಜ್ಯರಲ್ಲಿಯೂ ಬೇಡುತ್ತೇನೆ. ಪ್ರವಚನದ ನಡುವೆ ಜನ ತೂಕಡಿಸಿದಾಗ ಎಬ್ಬಿಸಲು ಹೆಣ್ಣಿಗನ ನಡಿಗೆಯ ನಕಲು ಮಾಡುವ ಕಥೆಯೊಂದಿದೆ, ನಾಲ್ಕು ಮಠಗಳಲ್ಲಿ ಕೇಳಿದ್ದೇನೆ. ಅದನ್ನು ಬಿಡಬೇಕು, ಅಪ್ಪಾವರೇ. ಜನ ತೂಕಡಿಸಿದರೆ ತೂಕಡಿಸಲಿ.

ಬರುವ ಶ್ರಾವಣಕ್ಕೆ ನಮ್ಮೂರಲ್ಲಿ ಮತ್ತೆ ಪ್ರವಚನವಿದೆ. ನೀಡುವ ಹುಡುಗರನ್ನು ಹಿಂದಿನ ಸಂಜೆ ಕೂಡಿಸಿ ಎರಡು ಮಾತು ಹೇಳುವುದೆಂದು ನಾವು ನಾಲ್ವರು ಮಾತಾಡಿಕೊಂಡಿದ್ದೇವೆ. ಆ ಸೇವಾಕರ್ತನೇ ಮುಂದೆ ನಿಂತು ಹೇಳುತ್ತೇನೆಂದು ಒಪ್ಪಿದ್ದಾನೆ. ಕಂಬದ ಮಗ್ಗುಲ ಜಾಗದಲ್ಲಿ ಈ ಸಲ ನೀರಿನ ಕೊಡ ಇಡುತ್ತೇವೆ, ಅಲ್ಲಿ ಯಾರೂ ಕೂಡ್ರುವಂತಿಲ್ಲ.